ಸ್ಕ್ರಿಪ್ಟ್ ಪರಿಶೀಲನೆ: “ಹಾವು ಕಚ್ಚಿದರೆ ಏನು ಮಾಡಬೇಕು”, ಗ್ರಾಮಸಭೆಗೆ 10 ನಿಮಿಷದ ಪ್ರಾತ್ಯಕ್ಷಿಕೆ

ಮೇಡಂ,

ನೀವು ಕಳಿಸಿದ ಸ್ಕ್ರಿಪ್ಟನ್ನು ಇಬ್ಬರು ಬೇರೆ ಬೇರೆಯಾಗಿ, ಮೊಬೈಲ್ ಗಡಿಯಾರ ಹಿಡಿದು, ಸಭೆಯಲ್ಲಿ ಮಾತಾಡುವ ವೇಗದಲ್ಲೇ ಗಟ್ಟಿಯಾಗಿ ಓದಿದೆವು. ಒಟ್ಟು 1,210 ಪದ. ಸರಾಸರಿ ತೆಗೆದುಕೊಂಡದ್ದು 12 ನಿಮಿಷ 30 ಸೆಕೆಂಡ್, ಅಂದರೆ ನಿಮಿಷಕ್ಕೆ ಸುಮಾರು 97 ಪದ. ಮಿತಿ 10 ನಿಮಿಷ. ಸ್ಲೈಡ್ ಬದಲಿಸುವುದಕ್ಕೆ, ಜನ ನಡುವೆ ಏನಾದರೂ ಕೇಳುವುದಕ್ಕೆ ಅರ್ಧ ನಿಮಿಷ ಬಿಡಲೇಬೇಕು. ಹಾಗಾಗಿ ಸ್ಕ್ರಿಪ್ಟ್ 9 ನಿಮಿಷ 30 ಸೆಕೆಂಡ್ ದಾಟಬಾರದು.

ಕಡ್ಡಾಯ ಅಂಶಗಳು 9. ಅವುಗಳಲ್ಲಿ 5 ಸರಿಯಾಗಿ ಬಂದಿವೆ: ನಾಲ್ಕು ವಿಷದ ಹಾವುಗಳ ಪರಿಚಯ, ಧೈರ್ಯ ಹೇಳುವುದು, 108ಕ್ಕೆ ಕರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಹಾವಿನ ವಿಷದ ಮದ್ದು ಎಎಸ್‌ವಿ, ಮುನ್ನೆಚ್ಚರಿಕೆ. ಮೂರು ಪೂರ್ತಿ ಬಿಟ್ಟುಹೋಗಿವೆ. ಒಂದು ತಪ್ಪಾಗಿದೆ, ಮೊದಲು ಅದನ್ನೇ ನೋಡೋಣ.

ತಪ್ಪಾಗಿರುವುದು (ಅಂಶ 4, ಮಾಡಬಾರದ್ದು)

ಸ್ಲೈಡ್ 11ರಲ್ಲಿ “ಕಚ್ಚಿದ ಜಾಗದ ಮೇಲ್ಭಾಗಕ್ಕೆ ಬಟ್ಟೆಯಿಂದ ಗಟ್ಟಿಯಾಗಿ ಕಟ್ಟಿ” ಎಂದಿದೆ. ಈ ಸಾಲು ಯಾವ ಕಾರಣಕ್ಕೂ ಸಭೆಗೆ ಹೋಗಬಾರದು. ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟ ನಿಂತು ಕೈಕಾಲು ಕೊಳೆಯುವ ಅಪಾಯವಿದೆ, ಅದರಲ್ಲೂ ಮಂಡಲದ ಹಾವು ಕಚ್ಚಿದ್ದರೆ. ಕಟ್ಟನ್ನು ಒಮ್ಮೆಲೇ ಬಿಚ್ಚಿದರೆ ತಡೆದಿದ್ದ ವಿಷ ಒಟ್ಟಿಗೇ ಮೈಗೆ ನುಗ್ಗುತ್ತದೆ. ಊರಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಇದೇ ಆದ್ದರಿಂದ ನೇರವಾಗಿ ಬೇಡ ಎನ್ನಬೇಕು. ಬದಲಿಗೆ ಹೀಗೆ ಹೇಳಿ:

“ಹಗ್ಗ, ದಾರ, ಬಟ್ಟೆ ಯಾವುದರಿಂದಲೂ ಬಿಗಿಯಾಗಿ ಕಟ್ಟಬೇಡಿ. ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಐಸ್ ಇಡಬೇಡಿ, ನಾಟಿ ಔಷಧ ಹಚ್ಚಬೇಡಿ. ಯಾರಾದರೂ ಈಗಾಗಲೇ ಕಟ್ಟಿದ್ದರೆ ನೀವೇ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ಬಿಚ್ಚಿಸಿ.”

ಹಳೆಯ ಸಾಲಿಗಿಂತ ಇದು 10 ಸೆಕೆಂಡ್ ಉದ್ದ.

ಬಿಟ್ಟುಹೋಗಿರುವುದು

ಅಂಶ 3, ಕಚ್ಚಿದ ಅಂಗ ಅಲ್ಲಾಡದಂತೆ ಇಡುವುದು. ಪ್ರಥಮ ಚಿಕಿತ್ಸೆಯಲ್ಲಿ ಊರಿನವರು ಕೈಯಾರೆ ಮಾಡಬಹುದಾದ ಮುಖ್ಯ ಕೆಲಸವೇ ಇದು. 35 ಸೆಕೆಂಡ್ ಬೇಕು:

“ಕಚ್ಚಿದ ಕೈ ಅಥವಾ ಕಾಲು ಅಲ್ಲಾಡಬಾರದು. ಮೂಳೆ ಮುರಿದಾಗ ಕಟ್ಟುತ್ತೇವಲ್ಲ ಹಾಗೆ, ಒಂದು ನೇರವಾದ ಕೋಲು ಇಟ್ಟು ಪಂಚೆ ಅಥವಾ ಟವೆಲ್‌ನಿಂದ ಸಡಿಲವಾಗಿ ಸುತ್ತಿ. ಬಟ್ಟೆಯ ಕೆಳಗೆ ಒಂದು ಬೆರಳು ಆರಾಮಾಗಿ ಹೋಗಬೇಕು. ಉಂಗುರ, ಬಳೆ, ಕಾಲುಂಗುರ, ಗೆಜ್ಜೆ ಕೂಡಲೇ ತೆಗೆಯಿರಿ. ಊದಿಕೊಂಡ ಮೇಲೆ ಬರುವುದಿಲ್ಲ. ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಓಡಿಸಬೇಡಿ, ಹೊತ್ತು ತನ್ನಿ. ನಡೆದರೆ ವಿಷ ಬೇಗ ಹರಡುತ್ತದೆ.”

ಓದಿ ಹೇಳಿದರೆ ಸಾಲದು. ಒಂದು ಅಡಿಗಿಂತ ಉದ್ದದ ಕೋಲು, ಒಂದು ಟವೆಲ್ ತೆಗೆದುಕೊಂಡು ಹೋಗಿ, ಮುಂದೆ ಕೂತವರೊಬ್ಬರ ಮುಂಗೈಗೆ ಮಾತಿನ ಜೊತೆಜೊತೆಗೇ ಸುತ್ತಿ ತೋರಿಸಿ. ಮೊದಲೇ ಮೂರು ಸಲ ಅಭ್ಯಾಸ ಮಾಡಿದ್ದರೆ 35 ಸೆಕೆಂಡಿನೊಳಗೆ ಮುಗಿಯುತ್ತದೆ. ಇಲ್ಲದಿದ್ದರೆ ಟವೆಲ್ ಗಂಟು ಹಾಕುವುದರಲ್ಲೇ ಒಂದು ನಿಮಿಷ ಹೋಗುತ್ತದೆ.

ಅಂಶ 7, ಕಟ್ಟುಹಾವಿನ ರಾತ್ರಿ ಕಡಿತ. ನಿಮ್ಮ ಸ್ಕ್ರಿಪ್ಟಿನಲ್ಲಿ ಕಟ್ಟುಹಾವಿನ ಬಣ್ಣ, ಪಟ್ಟೆ ಎಲ್ಲ ಇದೆ, ಅದು ಕಚ್ಚಿದರೆ ಏನಾಗುತ್ತದೆ ಎಂಬುದು ಇಲ್ಲ. 30 ಸೆಕೆಂಡ್:

“ಕಟ್ಟುಹಾವು ರಾತ್ರಿ ಹೊತ್ತು, ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು. ನೋವು, ಊತ ಇಲ್ಲದಿರಬಹುದು. ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಏಳುತ್ತಾರೆ. ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ, ಉಸಿರಾಟ ಕಷ್ಟವಾಗುತ್ತದೆ. ನೆಲದಲ್ಲಿ ಮಲಗಿದವರಿಗೆ ಹೀಗಾದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರಬೇಡಿ. ಹಾವು ಕಚ್ಚಿರಬಹುದು ಎಂದೇ ಆಸ್ಪತ್ರೆಗೆ ತನ್ನಿ.”

ಅಂಶ 8, ಡಾಕ್ಟರಿಗೆ ಕೊಡಬೇಕಾದ ಮಾಹಿತಿ. 20 ಸೆಕೆಂಡ್ ಸಾಕು:

“ಕಚ್ಚಿದಾಗ ಎಷ್ಟು ಗಂಟೆ ಎಂದು ನೋಡಿಟ್ಟುಕೊಳ್ಳಿ. ವಾಂತಿ, ರಕ್ತ ಒಸರುವುದು, ರೆಪ್ಪೆ ಬೀಳುವುದು ಯಾವಾಗ ಶುರುವಾಯಿತು ಎಂದು ಡಾಕ್ಟರಿಗೆ ಹೇಳಿ. ಹಾವನ್ನು ಹಿಡಿಯಲು, ಹೊಡೆಯಲು ಹೋಗಬೇಡಿ. ದೂರದಿಂದ ಫೋಟೊ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ.”

ಇವೆಲ್ಲ ಸೇರಿ 1 ನಿಮಿಷ 35 ಸೆಕೆಂಡ್ ಹೆಚ್ಚಾಗುತ್ತದೆ. ಸ್ಕ್ರಿಪ್ಟ್ 14 ನಿಮಿಷ 5 ಸೆಕೆಂಡಿಗೆ ಬಂದು ನಿಲ್ಲುತ್ತದೆ. ಕನಿಷ್ಠ 4 ನಿಮಿಷ 35 ಸೆಕೆಂಡ್ ತೆಗೆಯಬೇಕು.

ಎಲ್ಲಿ ಉದ್ದವಾಗಿದೆ

ಹೆಚ್ಚು ಸಮಯ ತಿನ್ನುತ್ತಿರುವುದು ಹಾವುಗಳ ಪರಿಚಯ: 3 ನಿಮಿಷ 40 ಸೆಕೆಂಡ್. ಪ್ರಥಮ ಚಿಕಿತ್ಸೆಗೆ ಕೊಟ್ಟಿರುವುದು 1 ನಿಮಿಷ 50 ಸೆಕೆಂಡ್ ಮಾತ್ರ. ಪಾಲು ತಿರುಗುಮುರುಗಾಗಿದೆ. ಕಾಳಿಂಗ ಸರ್ಪದ ಭಾಗ (55 ಸೆಕೆಂಡ್) ಪೂರ್ತಿ ತೆಗೆಯಿರಿ. ಅದು ಮಲೆನಾಡಿನ ಕಾಡಿನ ಹಾವು, ಈ ಸಭೆ ಬಯಲುಸೀಮೆಯ ರಾಗಿ, ಕಡಲೆಕಾಯಿ ಹೊಲದವರದ್ದು. ವೈಜ್ಞಾನಿಕ ಹೆಸರುಗಳು ಮತ್ತು ವಿಷದ ರಾಸಾಯನಿಕ ವಿವರ (50 ಸೆಕೆಂಡ್) ಬೇಡ. ಕೇರೆಹಾವು, ಹಸಿರುಹಾವಿನಂಥ ಅಪಾಯವಿಲ್ಲದ ಹಾವುಗಳ ಪಟ್ಟಿ (35 ಸೆಕೆಂಡ್) ಕೂಡ ಬೇಡ. ಅದಕ್ಕೆ ಇನ್ನೊಂದು ಕಾರಣವಿದೆ: ಪಟ್ಟಿ ಕೇಳಿದವರು “ಇದು ಕೇರೆ ಬಿಡು” ಎಂದು ತಾವೇ ತೀರ್ಮಾನಿಸಿ ಮನೆಯಲ್ಲೇ ಉಳಿದುಬಿಡಬಹುದು. ಯಾವ ಹಾವು ಕಚ್ಚಿದರೂ ಆಸ್ಪತ್ರೆಗೇ ಬರಬೇಕು ಎಂಬ ಒಂದು ಮಾತು ಸಾಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ತಲಾ 20 ಸೆಕೆಂಡ್ ಇಡಿ. ಇಲ್ಲೇ 2 ನಿಮಿಷ 20 ಸೆಕೆಂಡ್ ಉಳಿಯುತ್ತದೆ.

ಸ್ವಾಗತ, ವೇದಿಕೆಯ ಮೇಲಿದ್ದವರ ಹೆಸರು 1 ನಿಮಿಷ 25 ಸೆಕೆಂಡ್ ಇದೆ. ನಿರೂಪಕರು ಹೇಗೂ ಹೇಳಿರುತ್ತಾರೆ. 30 ಸೆಕೆಂಡಿಗೆ ಇಳಿಸಿ. ಉಳಿತಾಯ 55 ಸೆಕೆಂಡ್.

ಅಂಕಿಅಂಶದ ಭಾಗವನ್ನು 1 ನಿಮಿಷ 10 ಸೆಕೆಂಡಿನಿಂದ 25ಕ್ಕೆ ತನ್ನಿ. ಎರಡೇ ಮಾತು ಉಳಿಸಿಕೊಳ್ಳಿ: 2000ರಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವಿನ ಕಡಿತದಿಂದ ಸತ್ತಿದ್ದಾರೆ ಎಂಬ ಅಂದಾಜು, ಮತ್ತು 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆ ಎಂದು ಘೋಷಿಸಿದ್ದು. ಉಳಿತಾಯ 45 ಸೆಕೆಂಡ್.

ಆಸ್ಪತ್ರೆ ಚಿಕಿತ್ಸೆಯ ಭಾಗದಲ್ಲಿ ಎಎಸ್‌ವಿ ಡೋಸ್ ವಿವರವನ್ನು ತೆಗೆಯಿರಿ, 25 ಸೆಕೆಂಡ್. “ಮಕ್ಕಳಿಗೆ ಅರ್ಧ ಡೋಸ್” ಎಂದು ಬರೆದಿರುವುದೂ ತಪ್ಪು. ವಿಷದ ಪ್ರಮಾಣ ಮೈತೂಕ ನೋಡಿ ಕಡಿಮೆಯಾಗುವುದಿಲ್ಲ, ಮಕ್ಕಳಿಗೂ ದೊಡ್ಡವರಷ್ಟೇ ಕೊಡಬೇಕು. ಸಭೆಗೆ ಈ ಲೆಕ್ಕ ಬೇಡ, ಆದರೆ ಯಾರಾದರೂ ಪ್ರಶ್ನೆ ಕೇಳಿದರೆ ತಪ್ಪು ಉತ್ತರ ಹೋಗದಿರಲಿ.

ವಂದನಾರ್ಪಣೆ 35ರಿಂದ 15 ಸೆಕೆಂಡ್. ಕೊನೆಯ ಸಾಲಾಗಿ 108 ಸಂಖ್ಯೆಯನ್ನೇ ಇಡಿ, ಧನ್ಯವಾದ ಅದಕ್ಕೂ ಮುಂಚೆ ಬರಲಿ.

ಮುನ್ನೆಚ್ಚರಿಕೆಯ 1 ನಿಮಿಷ 45 ಸೆಕೆಂಡಿಗೆ ಕೈ ಹಚ್ಚಬೇಡಿ. ರಾತ್ರಿ ಟಾರ್ಚ್, ಹೊಲಕ್ಕೆ ಗಂಬೂಟು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸುವುದು, ಸೌದೆ ರಾಶಿಗೆ ಬರಿಗೈ ಹಾಕದಿರುವುದು, ಎಲ್ಲವೂ ಚೆನ್ನಾಗಿ ಬಂದಿದೆ.

ಒಟ್ಟು ಕಡಿತ 4 ನಿಮಿಷ 45 ಸೆಕೆಂಡ್. ತಿದ್ದಿದ ಸ್ಕ್ರಿಪ್ಟ್ 9 ನಿಮಿಷ 20 ಸೆಕೆಂಡಿಗೆ ಬರಬೇಕು. ಸ್ಲೈಡ್ 18 ಇವೆ, 11 ಸಾಕು.

ತಿದ್ದಿದ ಪ್ರತಿಯನ್ನು ನೀವೇ ನಿಂತುಕೊಂಡು, ಕೋಲು ಟವೆಲ್ ಸಮೇತ ಒಮ್ಮೆ ಹೇಳಿ ಸಮಯ ಬರೆದು ಕಳಿಸಿ. 9 ನಿಮಿಷ 30 ಸೆಕೆಂಡ್ ದಾಟಿದರೆ ನಾಲ್ಕು ಹಾವುಗಳ ವಿವರದಲ್ಲೇ ಇನ್ನೊಂದಿಷ್ಟು ಇಳಿಸಿ. ಅಂಶ 3, 4, 7ರ ಒಂದು ಪದವನ್ನೂ ತೆಗೆಯಬೇಡಿ.