ವಿಷಯ: ನಿಮ್ಮ 9ನೇ ಮಾರ್ಚ್‌ನ ಮರಾಠಿ ಮೇಲ್ – 235 ಪೆಟ್ಟಿಗೆ ಒಣದ್ರಾಕ್ಷಿ – ನನಗೆ ತಿಳಿದದ್ದು ಸರಿಯೇ?

ಸಾವಕಾರರೇ, ನಮಸ್ಕಾರ.

ನಿಮ್ಮ ಮೇಲ್ ಇವತ್ತು, ಸೋಮವಾರ, ಬಂತು. ಮರಾಠಿ ಕೇಳಿದರೆ ತಿಳಿಯುತ್ತದೆ, ಓದುವುದು ಮಾತ್ರ ನನಗೆ ಅರ್ಧಂಬರ್ಧ. ನಿಮ್ಮ ಗುಮಾಸ್ತರಿಗೆ ಕನ್ನಡ ಓದಲು ಬರುತ್ತದೆಂದು ಫೋನಿನಲ್ಲಿ ಹೇಳಿದ್ದಿರಿ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಿಳಿದದ್ದನ್ನು ಕೆಳಗೆ ಇಟ್ಟಿದ್ದೇನೆ. ತಪ್ಪಿದ್ದಲ್ಲಿ ತಿದ್ದಿರಿ.

ಮೊದಲು ಎಣಿಕೆ. ‘ಪಾವಣೇದೋನಶೇ ಹಿರವಾ, ಸಾಠ ಪಿವಳಾ’ ಎಂದಿದ್ದೀರಿ. ಇದನ್ನು ಹಸಿರು 175, ಹಳದಿ 60, ಒಟ್ಟು 235 ಪೆಟ್ಟಿಗೆ ಎಂದು ಓದಿದ್ದೇನೆ. ತಿಕೋಟಾದಿಂದ ಲಾರಿಗೆ ಹೇರಿದಾಗಿನ ನನ್ನ ಚೀಟಿಯಲ್ಲೂ 235 ಇದೆ. ಪೆಟ್ಟಿಗೆಗೆ 15 ಕಿಲೋದಂತೆ 3,525 ಕಿಲೋ. ‘ಪಾವಣೇ’ ಎಂದರೆ ಕಾಲು ಕಡಿಮೆ ಎಂದೇ ಹಿಡಿದಿದ್ದೇನೆ. ಕಾಲು ಹೆಚ್ಚೆಂದು ಓದಿದರೆ 225 ಆಗಿ ಲೆಕ್ಕವೇ ತಪ್ಪುತ್ತದೆ.

ಎರಡನೆಯದು ದಿನ. ‘ಪರವಾ ಸೌದಾ, ಸಕಾಳೀ ಸಾಡೇದಹಾ’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ಮರಾಠಿಯಲ್ಲಿ ‘ಪರವಾ’ ಮೊನ್ನೆಯೂ ಆಗುತ್ತದೆ, ನಾಡಿದ್ದೂ ಆಗುತ್ತದೆ. ನಾನು ನಾಡಿದ್ದು, ಅಂದರೆ ಬುಧವಾರ 11-03-2026, ಬೆಳಿಗ್ಗೆ 10.30ಕ್ಕೆ ಹರಾಜು ಎಂದು ತಿಳಿದಿದ್ದೇನೆ. ಸವಾಲು ಈಗಾಗಲೇ ಮೊನ್ನೆಯೇ ಮುಗಿದಿದ್ದರೆ ಇದನ್ನು ಓದಿದ ಕೂಡಲೇ ಫೋನ್ ಮಾಡಿ.

ಕಿಲೋಗೆ 210 ರೂಪಾಯಿಗಿಂತ ಕೆಳಗೆ ಹೋದರೆ ‘ತುಮಚ್ಯಾ ಹೋಕಾರಾಶಿವಾಯ’ ಮಾರುವುದಿಲ್ಲ ಎಂದಿದ್ದೀರಿ. ನನ್ನ ಒಪ್ಪಿಗೆ ಇಲ್ಲದೆ ಮಾರುವುದಿಲ್ಲ ಎಂದರ್ಥ ಮಾಡಿಕೊಂಡಿದ್ದೇನೆ, ಅದೇ ಸರಿ. ಆದರೆ ಈ 210 ಹಸಿರಿಗೆ ಮಾತ್ರವೋ, ಹಳದಿಗೂ ಸೇರಿಯೋ?

‘ಭಾಡೇ ತುಮಚ್ಯಾಕಡೇ’ ಎಂಬುದು ತಿಳಿಯಲಿಲ್ಲ. ಬಾಡಿಗೆ ನನ್ನ ಮೇಲೆ ಎನ್ನುವುದು ಸರಿ, ಯಾವ ಬಾಡಿಗೆ? ಲಾರಿಯದನ್ನು ಕೊಟ್ಟಿದ್ದೇನೆ, ರಶೀದಿ ಜೊತೆಗಿದೆ. ಕೋಲ್ಡ್ ಸ್ಟೋರೇಜಿನದಾದರೆ ಪೆಟ್ಟಿಗೆಗೆ ತಿಂಗಳಿಗೆ ಎಷ್ಟು, ಯಾವ ದಿನದಿಂದ ಎಂದು ಅಂಕಿಯಲ್ಲಿ ಬರೆಯಿರಿ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಕೊನೆಯ ಸಾಲು: ‘ಥೋಡಾ ಮಾಲ ದಮಟ ಆಹೇ’. ‘ಸ್ವಲ್ಪ ಮಾಲು’ ತಿಳಿಯಿತು. ‘ದಮಟ’ ಎಂದರೆ ತೇವವೇ? ಹಾಗಿದ್ದರೆ ಅದು ಸಣ್ಣ ಮಾತಲ್ಲ. ತೇವ ಉಳಿದ ದ್ರಾಕ್ಷಿ ಪೆಟ್ಟಿಗೆಯಲ್ಲಿ ಅಂಟಿ ಗಡ್ಡೆಕಟ್ಟುತ್ತದೆ, ಆಮೇಲೆ ಬೂಸ್ಟು ಹಿಡಿಯುತ್ತದೆ, ಪಕ್ಕದ ಮಾಲಿನ ದರವನ್ನೂ ಇಳಿಸುತ್ತದೆ. ಎಷ್ಟು ಪೆಟ್ಟಿಗೆ, ಯಾವ ಬಣ್ಣದ್ದು ಎಂದು ತಿಳಿಸಿ. ಮುಚ್ಚಳ ತೆಗೆದು ಒಂದು ಫೋಟೋ, ಅಂಗೈಯಲ್ಲಿ ಹಿಡಿ ಹಿಚುಕಿ ಬಿಟ್ಟ ಮೇಲೆ ಇನ್ನೊಂದು ಫೋಟೋ ಕಳಿಸಿ. ಕಾಳು ಬಿಡಿಬಿಡಿಯಾಗದೆ ಮುದ್ದೆಯಾಗಿಯೇ ಉಳಿದರೆ ಆ ಪೆಟ್ಟಿಗೆಗಳನ್ನು ಬುಧವಾರದ ಸವಾಲಿಗೆ ಇಡಬೇಡಿ. ಬೇರೆ ತೆಗೆದಿಡಿ, ನಾನು ಬಂದು ನೋಡುತ್ತೇನೆ. ಒಣಗಿದ ಮಾಲನ್ನು ಸವಾಲಿಗೆ ಇಡಲು ನನ್ನ ಅಡ್ಡಿಯಿಲ್ಲ.

ಎಣಿಕೆ, ದಿನ, ಬಾಡಿಗೆ ಈ ಮೂರಕ್ಕೆ ನಿಮ್ಮ ಉತ್ತರ ಬರುವ ತನಕ ಈ ಮೇಲನ್ನು ಒಪ್ಪಿಗೆ ಎಂದು ಎಣಿಸಬೇಡಿ. ಉತ್ತರ ಮರಾಠಿಯಲ್ಲೇ ಇರಲಿ, ತೊಂದರೆಯಿಲ್ಲ. ಸಂಖ್ಯೆ, ತಾರೀಖು ಮಾತ್ರ ಅಂಕಿಯಲ್ಲಿರಲಿ. ನಾಳೆ ಸಂಜೆ 5ರೊಳಗೆ ಬಂದರೆ ಬುಧವಾರ ಬೆಳಗಿನ ಬಸ್ಸಿಗೆ ತಾಸಗಾಂವಕ್ಕೆ ಹೊರಡುತ್ತೇನೆ.

ನಿಮ್ಮ,
ಮಲ್ಲಪ್ಪ
ತಿಕೋಟಾ, ವಿಜಯಪುರ ಜಿಲ್ಲೆ

ಜೊತೆಗೆ: ಹೇರಿದ ಚೀಟಿ, ಲಾರಿ ಬಾಡಿಗೆ ರಶೀದಿ