ಶೇ. 10 ಬೋನಸ್: ಯಾವ ಸಂಬಳದ ಮೇಲೆ ಎಂದು ಕೇಳಿ ಬರೆದ ಪತ್ರ

ಬೆಂಗಳೂರು
6 ನವೆಂಬರ್ 2024

ಇಂದ:
ಮಂಜುನಾಥ
ವಿಎಂಸಿ ಆಪರೇಟರ್, ಮಷಿನ್ ಶಾಪ್
ಟೋಕನ್ ನಂಬರ್ 417

ಗೆ:
ಮ್ಯಾನೇಜರ್ ಅವರಿಗೆ
ಎಚ್‌ಆರ್ ವಿಭಾಗ, ಪೀಣ್ಯ ಘಟಕ
(ಪ್ರತಿ: ಅಕೌಂಟ್ಸ್ ವಿಭಾಗ)

ವಿಷಯ: 2023–24ನೇ ಸಾಲಿನ ಬೋನಸ್ ಅನ್ನು ಬೇಸಿಕ್ ಮೇಲೆ ಮಾತ್ರ ಲೆಕ್ಕ ಹಾಕಿರುವ ಬಗ್ಗೆ ವಿವರ ಕೋರಿ.

ಮಾನ್ಯರೇ,

ನಮಸ್ಕಾರ. ನಾನು ಒಂಬತ್ತು ವರ್ಷದಿಂದ ಇದೇ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ಸಂಬಳದ ವಿಚಾರಕ್ಕೆ ಇದುವರೆಗೆ ಪತ್ರ ಬರೆದವನಲ್ಲ. ಈ ಸಲ ಬೋನಸ್ ಲೆಕ್ಕ ಎಷ್ಟು ಸಲ ಕೂಡಿಸಿದರೂ ತಾಳೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಯುಧಪೂಜೆಯ ಹಿಂದಿನ ದಿನ, ಅಕ್ಟೋಬರ್ 10ಕ್ಕೆ, ಟೈಮ್ ಆಫೀಸ್ ಹತ್ತಿರದ ನೋಟಿಸ್ ಬೋರ್ಡ್‌ನಲ್ಲಿ ‘ಈ ವರ್ಷ ಬೋನಸ್ ಶೇ. 10’ ಎಂದು ಚೀಟಿ ಹಾಕಿದ್ದಿರಿ. ನಮಗೆಲ್ಲ ಖುಷಿ ಆಯಿತು. ಹೋದ ವರ್ಷ ಇದ್ದದ್ದು ಶೇ. 8.33. ಮಷಿನ್‌ಗಳಿಗೆ ಪೂಜೆ ಮಾಡಿ ಕಡ್ಲೆಪುರಿ ಹಂಚುವಾಗಲೂ ಅದೇ ಮಾತು. ಅಕ್ಟೋಬರ್ 29ಕ್ಕೆ ನನ್ನ ಖಾತೆಗೆ 11,960 ರೂಪಾಯಿ ಬಂತು.

ಮೊದಲು ನಾನು ಗ್ರಾಸ್ ಮೇಲೆ ಲೆಕ್ಕ ಹಾಕಿದ್ದೆ. ನನ್ನ ಗ್ರಾಸ್ 22,000. ವರ್ಷಕ್ಕೆ 2,64,000. ಅದರ ಶೇ. 10 ಅಂದರೆ 26,400. ಅಷ್ಟು ಬರುತ್ತದೆ ಎಂದು ಮನೆಯಲ್ಲೂ ಹೇಳಿದ್ದೆ. ಮಗಳ ಪಿಯುಸಿ ಫೀಸಿನ ಎರಡನೇ ಕಂತು ಬಾಕಿ ಇತ್ತು, ಅದಕ್ಕೆಂದೇ ಇಟ್ಟುಕೊಂಡಿದ್ದ ದುಡ್ಡು ಇದು. ಅರ್ಧಕ್ಕಿಂತ ಕಡಿಮೆ ಬಂದದ್ದು ನೋಡಿ ಅಕೌಂಟ್ಸ್ ಮೇಡಂ ಹತ್ತಿರ ಹೋಗಿ ಕೇಳಿದೆ. ‘ಬೋನಸ್ ಗ್ರಾಸ್ ಮೇಲೆ ಕೊಡೋದಲ್ಲ, ಬೇಸಿಕ್ ಮೇಲೆ’ ಎಂದರು. ಸಿಸ್ಟಮ್‌ನಲ್ಲಿ ಹಾಗೇ ಇದೆ ಎಂದೂ ಹೇಳಿದರು. ಹಬ್ಬದ ಗಡಿಬಿಡಿ, ಕಿಟಕಿ ಮುಂದೆ ಸಾಲು ಬೇರೆ ಇತ್ತು. ಅವರು ಒರಟಾಗಿ ಏನೂ ಮಾತಾಡಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮನೆಗೆ ಬಂದು ಟ್ರಂಕ್‌ನಲ್ಲಿ ಇಟ್ಟಿದ್ದ ಹಳೇ ಕಾಗದ ತೆಗೆದೆ. ಎಲ್ಲ ವರ್ಷದ ಬೋನಸ್ ಸ್ಲಿಪ್‌ಗಳನ್ನೂ ಎಲ್‌ಐಸಿ ಬಾಂಡ್ ಜೊತೆ ಒಂದೇ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟಿದ್ದೇನೆ. ಹೋದ ವರ್ಷದ ಸ್ಲಿಪ್‌ನಲ್ಲಿ ಬೇಸಿಕ್ 9,800, ವಿಡಿಎ 4,200, ಎರಡೂ ಸೇರಿ 14,000 ಎಂದಿದೆ. ವರ್ಷಕ್ಕೆ 1,68,000. ಅದರ ಶೇ. 8.33 ಲೆಕ್ಕದಲ್ಲಿ 13,994 ರೂಪಾಯಿ ಕೊಟ್ಟಿದ್ದೀರಿ. ಈ ವರ್ಷ ಬೇಸಿಕ್ ಏರಿ 10,400 ಆಗಿದೆ. ವಿಡಿಎ ಕೂಡ ಏರಿ 4,600 ಆಗಿದೆ. ಬೋನಸ್ ಪರ್ಸೆಂಟ್ ಜಾಸ್ತಿ ಆಗಿದೆ. ಮೂರೂ ಜಾಸ್ತಿ ಆಗಿ ಕೈಗೆ ಬಂದ ಹಣ ಮಾತ್ರ 2,034 ರೂಪಾಯಿ ಕಡಿಮೆ ಆಗಿದೆ. ಸರ್, ನನಗೆ ಅರ್ಥವಾಗದೆ ಇರುವುದು ಇದು. ಹೋದ ವರ್ಷ ಸೇರಿಸಿದ್ದ ವಿಡಿಎಯನ್ನು ಈ ವರ್ಷ ಯಾಕೆ ಬಿಟ್ಟಿರಿ?

ಈ ಪತ್ರ ಬರೆಯುವ ಮೊದಲು 1965ರ ಬೋನಸ್ ಪಾವತಿ ಕಾಯ್ದೆಯನ್ನು ತರಿಸಿಕೊಂಡು, ಓದಿದವರ ಹತ್ತಿರ ಕೂತು, ಒಂದೊಂದೇ ಸೆಕ್ಷನ್ ಅರ್ಥ ಮಾಡಿಕೊಂಡೆ. ಗ್ರಾಸ್ ಮೇಲೆ ಲೆಕ್ಕ ಹಾಕಿದ್ದು ನನ್ನದೇ ತಪ್ಪು. ಸೆಕ್ಷನ್ 2(21)ರಲ್ಲಿ ‘ಸಂಬಳ ಅಥವಾ ಕೂಲಿ’ ಅಂದರೆ ಏನು ಎಂದು ಬರೆದಿದೆ. ಓವರ್‌ಟೈಮ್ ಅದರಲ್ಲಿ ಬರುವುದಿಲ್ಲ. ಎಚ್‌ಆರ್‌ಎ, ಕನ್ವೇಯನ್ಸ್, ವಾಷಿಂಗ್ ಅಲೋವೆನ್ಸ್ ಥರದ ಭತ್ಯೆಗಳೂ ಬರುವುದಿಲ್ಲ. ನನ್ನ ಸ್ಲಿಪ್‌ನಲ್ಲಿ ಎಚ್‌ಆರ್‌ಎ 3,000, ಕನ್ವೇಯನ್ಸ್ 1,600, ವಾಷಿಂಗ್ 400, ಸ್ಪೆಷಲ್ ಅಲೋವೆನ್ಸ್ 2,000 ಇದೆ. ಈ 7,000 ರೂಪಾಯಿಯನ್ನು ಬಿಟ್ಟದ್ದಕ್ಕೆ ನನ್ನ ತಕರಾರಿಲ್ಲ. ನಮ್ಮ ಶಾಪ್‌ನ ಉಳಿದವರಿಗೂ ಇದನ್ನು ಟೀ ಬ್ರೇಕ್‌ನಲ್ಲಿ ನಾನೇ ಬಿಡಿಸಿ ಹೇಳಿದ್ದೇನೆ.

ಆದರೆ ಅದೇ ಸೆಕ್ಷನ್‌ನಲ್ಲಿ ತುಟ್ಟಿಭತ್ಯೆ ಸೇರುತ್ತದೆ ಎಂದು ಬಾಯಿಬಿಟ್ಟು ಬರೆದಿದೆ. ಬೆಲೆ ಏರಿದ ಹಾಗೆ ಕೊಡುವ ಹಣ ಅದು. ಬೇರೆ ಭತ್ಯೆಗಳ ಸಾಲಿಗೆ ಅದನ್ನು ಸೇರಿಸಿಲ್ಲ. ನಮ್ಮ ಸ್ಲಿಪ್‌ನಲ್ಲಿ ವಿಡಿಎ ಎಂದು ಇರುವುದು ಅದೇ ಅಲ್ವಾ? ಹಾಗಾದರೆ ಬೋನಸ್ ಲೆಕ್ಕಕ್ಕೆ ಬೇಸಿಕ್ ಒಂದೇ ಸಾಲದು, ಬೇಸಿಕ್ ಮತ್ತು ವಿಡಿಎ ಎರಡೂ ಸೇರಬೇಕು ಎಂದು ನಾನು ತಿಳಿದುಕೊಂಡಿದ್ದೇನೆ. ನನ್ನ ವಿಷಯದಲ್ಲಿ ಅದು ತಿಂಗಳಿಗೆ 15,000, ವರ್ಷಕ್ಕೆ 1,80,000. ಶೇ. 10 ಅಂದರೆ 18,000.

ಇನ್ನೊಂದು ಮಾತು. ಕಾಯ್ದೆಯ ಪ್ರಕಾರ ಬೋನಸ್ ಶೇ. 8.33ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ, ಶೇ. 20ಕ್ಕಿಂತ ಮೇಲೆ ಹೋಗುವ ಹಾಗಿಲ್ಲ. ಶೇ. 8.33 ಅಂದರೆ ಹೆಚ್ಚುಕಡಿಮೆ ವರ್ಷಕ್ಕೆ ಒಂದು ತಿಂಗಳ ಸಂಬಳ. 1,80,000ಕ್ಕೆ ಶೇ. 8.33 ಹಾಕಿದರೆ 14,994 ಆಗುತ್ತದೆ. ಬೇಸಿಕ್ ಮೇಲೆ ಶೇ. 10 ಹಾಕಿದರೆ ವರ್ಷಪೂರ್ತಿ ಒಂದು ದಿನವೂ ರಜೆ ಹಾಕದವನಿಗೂ ಸಿಗುವುದು 12,480. ಬೋರ್ಡ್ ಮೇಲೆ ಶೇ. 10 ಎಂದಿದ್ದರೂ, ಬೇಸಿಕ್ ಮತ್ತು ವಿಡಿಎ ಸೇರಿಸಿ ನೋಡಿದರೆ ಅದು ಶೇ. 7 ಕೂಡ ಮುಟ್ಟುವುದಿಲ್ಲ.

ಸೆಕ್ಷನ್ 12ರಲ್ಲಿ ಒಂದು ಮಿತಿ ಇರುವುದೂ ನನಗೆ ಗೊತ್ತು. ಸಂಬಳ ಜಾಸ್ತಿ ಇದ್ದವರಿಗೆ ಬೋನಸ್ ಅನ್ನು 7,000 ರೂಪಾಯಿ ಅಥವಾ ಆ ಉದ್ಯಮಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ ಹಾಕಬಹುದು. 2015ರ ತಿದ್ದುಪಡಿಗೆ ಮೊದಲು ಈ ಮಿತಿ 3,500 ಇತ್ತು. ನೀವು ಹಾಕಿದ್ದು ಈ ಮಿತಿಯ ಲೆಕ್ಕವೇ ಆಗಿದ್ದರೆ, ಯಾವ ದರ್ಜೆಗೆ, ಯಾವ ಕನಿಷ್ಠ ವೇತನ ತೆಗೆದುಕೊಂಡಿರಿ ಎಂದು ತಿಳಿಸಿ. ನಮ್ಮ ರಾಜ್ಯದ ಕನಿಷ್ಠ ವೇತನದಲ್ಲಿ ಮೂಲ ವೇತನದ ಜೊತೆ ವಿಡಿಎ ಕೂಡ ಇರುತ್ತದೆ. ಹಾಗಾಗಿ ಮಿತಿಯ ಲೆಕ್ಕ ಹಾಕಿದರೂ ವಿಡಿಎ ಪೂರ್ತಿ ಬಿಟ್ಟುಹೋಗುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಅದೂ ಅಲ್ಲದೆ, ನೀವು ತೆಗೆದುಕೊಂಡಿರುವ ಅಂಕಿ ಸರಿಯಾಗಿ 10,400, ಅಂದರೆ ನನ್ನ ಬೇಸಿಕ್.

ಈ ಮಧ್ಯೆ ಶಾಪ್‌ನಲ್ಲಿ ಒಂದು ಸುದ್ದಿ ಹಬ್ಬಿದೆ. ಗ್ರಾಸ್ 21,000 ದಾಟಿದವರಿಗೆ ಬೋನಸ್ ಕೊಡುವ ಹಾಗೇ ಇಲ್ಲ, ಕಂಪನಿ ಏನೋ ದೊಡ್ಡ ಮನಸ್ಸು ಮಾಡಿ ಕೊಟ್ಟಿದೆ, ಸುಮ್ನೆ ಕೇಳಿ ಕೆಡಿಸಿಕೊಳ್ಳಬೇಡಿ ಎಂದು. ಹೊಸ ಹುಡುಗರು ಇದನ್ನು ನಂಬಿ ಹೆದರಿದ್ದಾರೆ. 21,000ದ ಮಿತಿಯನ್ನೂ ನೋಡಬೇಕಾದದ್ದು ಕಾಯ್ದೆ ಹೇಳುವ ಅದೇ ‘ಸಂಬಳ’ದ ಮೇಲೆ, ಗ್ರಾಸ್ ಮೇಲೆ ಅಲ್ಲ. ನನ್ನ ಬೇಸಿಕ್ ಮತ್ತು ವಿಡಿಎ ಸೇರಿ 15,000. ಇದನ್ನು ನೀವೇ ಒಂದು ನೋಟಿಸ್‌ನಲ್ಲಿ ಬರೆದು ಹಾಕಿದರೆ ಆ ಹುಡುಗರಿಗೆ ಧೈರ್ಯ ಬರುತ್ತದೆ. ನಾನು ಹೇಳಿದರೆ ಅರ್ಧ ಜನ ನಂಬುತ್ತಾರೆ, ಅರ್ಧ ಜನ ನಂಬುವುದಿಲ್ಲ.

ಈಗ ರಜೆ ಕಳೆದ ವಿಚಾರ. 12,480ರಲ್ಲಿ ನನಗೆ 520 ರೂಪಾಯಿ ಕಡಿಮೆ ಬಂದಿದೆ. 10,400ನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 400, ಅದರ ಶೇ. 10 ಅಂದರೆ 40. ಹಾಗಾಗಿ 13 ದಿನ ಗೈರು ಎಂದು ಹಿಡಿದಿದ್ದೀರಿ ಅನಿಸುತ್ತದೆ. ಇದರಲ್ಲಿ 4 ದಿನ ನಾನು ಊರಿಗೆ ಹೋಗಿ ಸಂಬಳ ಇಲ್ಲದ ರಜೆ ಹಾಕಿದ್ದು ನಿಜ. ಅದನ್ನು ಕಳೆಯುವುದು ಸರಿ. ಉಳಿದ 9 ದಿನ 2023ರ ಆಗಸ್ಟ್‌ನಲ್ಲಿ ಕೆಲಸದ ಮೇಲೆ ಇದ್ದಾಗಲೇ ಪೆಟ್ಟಾಗಿ ಮನೆಯಲ್ಲಿ ಇದ್ದದ್ದು. ಎರಡನೇ ಶಿಫ್ಟ್‌ನಲ್ಲಿ ಜಾಬ್ ಬಿಚ್ಚುವಾಗ ಕ್ಲ್ಯಾಂಪ್ ಜಾರಿ ಬಲಗೈ ಉಂಗುರದ ಬೆರಳು ಫಿಕ್ಸ್‌ಚರ್‌ಗೆ ಸಿಕ್ಕಿತು. ಐದು ಹೊಲಿಗೆ ಬಿದ್ದವು. ಕೈಗ್ಲೌಸ್ ಬಿಚ್ಚಿದ್ದೂ, ಆಟೋ ಕರೆದದ್ದೂ ಶಿಫ್ಟ್ ಸೂಪರ್‌ವೈಸರ್ ಅವರೇ. ಅಪಘಾತದ ರಿಜಿಸ್ಟರ್‌ನಲ್ಲೂ ಬರೆದಿದ್ದಾರೆ. ಕೆಲಸದಲ್ಲಿ ಆದ ಅಪಘಾತದಿಂದ ಬರಲಾಗದ ದಿನಗಳನ್ನು ಕೆಲಸ ಮಾಡಿದ ದಿನ ಎಂದೇ ಎಣಿಸಬೇಕು ಎಂದು ಸೆಕ್ಷನ್ 14 ಹೇಳುತ್ತದೆ. ಹಣ ನೋಡಿದರೆ ಇದು ಸಣ್ಣ ಮೊತ್ತ. ಆದರೂ ಬೆರಳಿಗೆ ಪೆಟ್ಟಾದ ದಿನಗಳನ್ನು ಊರಿಗೆ ಹೋದ ದಿನಗಳ ಜೊತೆ ಒಂದೇ ಕಾಲಂನಲ್ಲಿ ಗೈರು ಎಂದು ಬರೆದದ್ದು ನನಗೆ ಬೇಜಾರಾಯಿತು.

ಈ 9 ದಿನವನ್ನು ಕೆಲಸ ಮಾಡಿದ ದಿನ ಎಂದು ಎಣಿಸಿ 4 ದಿನ ಮಾತ್ರ ಕಳೆದರೆ, ಬೇಸಿಕ್ ಮತ್ತು ವಿಡಿಎ ಮೇಲೆ ನನ್ನ ಲೆಕ್ಕಕ್ಕೆ ಬರುವುದು 17,769. ಬಂದಿರುವುದು 11,960. ವ್ಯತ್ಯಾಸ 5,809 ರೂಪಾಯಿ.

ನಾನು ನಿಮ್ಮಿಂದ ಕೇಳುವುದು ಇಷ್ಟು. ಬೋನಸ್ ರಿಜಿಸ್ಟರ್, ಅಂದರೆ ಫಾರಂ ಸಿಯಲ್ಲಿ ನನ್ನ ಹೆಸರಿನ ಸಾಲನ್ನು ಪೂರ್ತಿ ತೋರಿಸಿ. ಕೆಲಸ ಮಾಡಿದ ದಿನ, ಒಟ್ಟು ಸಂಬಳ, ಬೋನಸ್, ಕಡಿತ ಎಂದು ಅದರಲ್ಲಿ ಬೇರೆ ಬೇರೆ ಕಾಲಂ ಇರುತ್ತವೆ. ಸಹಿ ಹಾಕುವ ದಿನ ಸಾಲು ತಪ್ಪಬಾರದೆಂದು ಪುಟದ ಮೇಲೆ ಉದ್ದ ಸ್ಕೇಲ್ ಇಟ್ಟಿದ್ದರು. ನನಗೆ ಕಂಡದ್ದು ನನ್ನ ಹೆಸರು ಮತ್ತು ಕೊನೆಯ ಮೊತ್ತ ಮಾತ್ರ. ಹಿಂದೆ ನಿಂತವರು ಅವಸರ ಮಾಡುತ್ತಿದ್ದರು, ನಾನೂ ಸಹಿ ಹಾಕಿಬಿಟ್ಟೆ. ಹಣ ಬಂದಿದೆ ಎಂಬುದಕ್ಕೆ ಆ ಸಹಿ ಸರಿ. ಲೆಕ್ಕ ಒಪ್ಪಿದೆ ಎಂದು ದಯವಿಟ್ಟು ತಿಳಿಯಬೇಡಿ.

ಶೇ. 10 ಅನ್ನು ಬೇಸಿಕ್ ಮೇಲೆ ಮಾತ್ರ ಹಾಕಬೇಕು ಎಂದು ಯಾರು, ಯಾವಾಗ ತೀರ್ಮಾನ ಮಾಡಿದರು ಎಂಬುದನ್ನೂ ಬರಹದಲ್ಲಿ ತಿಳಿಸಿ. ಹೊಸ ಸಾಫ್ಟ್‌ವೇರ್‌ಗೆ ಬದಲಾದಾಗ ವಿಡಿಎ ಕಾಲಂ ತಪ್ಪಿಹೋಗಿದ್ದರೂ ಇರಬಹುದು. ಏಪ್ರಿಲ್‌ನಿಂದ ನಮ್ಮ ಸ್ಯಾಲರಿ ಸ್ಲಿಪ್‌ನ ರೂಪವೇ ಬದಲಾಗಿದೆಯಲ್ಲ. ಹಾಗಿದ್ದರೆ ಇದು ನನ್ನೊಬ್ಬನ ಲೆಕ್ಕ ಅಲ್ಲ, ಇಡೀ ಶಾಪ್‌ನ ಲೆಕ್ಕ. ತಪ್ಪು ಆಗಿದ್ದರೆ ಎಲ್ಲರದ್ದೂ ಒಟ್ಟಿಗೆ ಸರಿಪಡಿಸಿ. ನನ್ನೊಬ್ಬನಿಗೆ ಕರೆದು ಕೊಡುವುದು ಬೇಡ.

ನಮ್ಮ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಲ್ಲಿಂದ ಎಂಟು ತಿಂಗಳ ಒಳಗೆ ಬೋನಸ್ ಕೊಟ್ಟು ಮುಗಿಸಬೇಕು ಎಂದು ಕಾಯ್ದೆಯಲ್ಲಿದೆ. ಅಂದರೆ ನವೆಂಬರ್ 30ರ ತನಕ ಸಮಯ ಇದೆ. ಅಷ್ಟರೊಳಗೆ ನೋಡಿ ಉತ್ತರ ಕೊಟ್ಟರೆ ಉಪಕಾರ ಆಗುತ್ತದೆ. ನಾನು ಎಲ್ಲಾದರೂ ತಪ್ಪು ತಿಳಿದಿದ್ದರೆ ಅದನ್ನೂ ತೋರಿಸಿ, ತಿದ್ದಿಕೊಳ್ಳುತ್ತೇನೆ.

ಈ ವಾರ ನನಗೆ ಮೊದಲನೇ ಶಿಫ್ಟ್, ಮಧ್ಯಾಹ್ನ 2 ಗಂಟೆಗೆ ಮುಗಿಯುತ್ತದೆ. ಮುಂದಿನ ವಾರ ಎರಡನೇ ಶಿಫ್ಟ್, ಬೆಳಿಗ್ಗೆ ಬರಬಲ್ಲೆ. ನೀವು ಹೇಳಿದ ದಿನ ಸ್ಲಿಪ್‌ಗಳನ್ನು ತೆಗೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,

ಮಂಜುನಾಥ
ಟೋಕನ್ ನಂಬರ್ 417

ಲಗತ್ತು: 2022–23 ಮತ್ತು 2023–24ರ ಬೋನಸ್ ಸ್ಲಿಪ್, 2024ರ ಮಾರ್ಚ್ ತಿಂಗಳ ಸ್ಯಾಲರಿ ಸ್ಲಿಪ್, 2023ರ ಆಗಸ್ಟ್‌ನ ಡಾಕ್ಟರ್ ಸರ್ಟಿಫಿಕೇಟ್, ಎಲ್ಲವೂ ಜೆರಾಕ್ಸ್. ಈ ಪತ್ರದ ಇನ್ನೊಂದು ಪ್ರತಿಯ ಮೇಲೆ ಸೀಲ್ ಹಾಕಿ ನನಗೆ ವಾಪಸ್ ಕೊಡಬೇಕಾಗಿ ವಿನಂತಿ.