ಪುಡಿ ಬೆಲ್ಲದ ಪ್ಯಾಕಿಂಗ್ ಯಂತ್ರ: ನಿಮ್ಮ ಕೊಟೇಶನ್‌ಗೆ ನಮ್ಮ ಸಂಘದ ಉತ್ತರ

ಮಂಡ್ಯ
11 ನವೆಂಬರ್ 2025

ನಾಗೇಂದ್ರ ಅವರಿಗೆ ನಮಸ್ಕಾರ.

ಅಕ್ಟೋಬರ್ 17ರಂದು ನೀವು ಕೊಟ್ಟ ಕೊಟೇಶನ್ ಬಗ್ಗೆ ಬರೆಯುತ್ತಿದ್ದೇನೆ. ಕಳೆದ ಶನಿವಾರ, 8ನೇ ತಾರೀಕು, ಸಂಘದ ಹದಿನೈದು ಜನರೂ ಆಲೆಮನೆಯಲ್ಲೇ ಕೂತು ಮಾತಾಡಿದೆವು. ಈ ಯಂತ್ರವನ್ನು ನಾವು ತೆಗೆದುಕೊಳ್ಳುತ್ತಿಲ್ಲ. ನೀವು ನಮ್ಮನ್ನು ನಂಬಿಕೊಂಡು ಕಾಯಬಾರದು ಅಂತ ಈ ಮಾತನ್ನು ಮೊದಲೇ ಹೇಳಿಬಿಟ್ಟೆ. ಫೋನಿನಲ್ಲೇ ತಿಳಿಸಬಹುದಿತ್ತು. ಆದರೆ ನೀವು ಇಷ್ಟು ಓಡಾಡಿದ್ದೀರಿ, ಕಾರಣ ಪೂರ್ತಿ ತಿಳಿಯಬೇಕಲ್ವಾ? ನಿಮ್ಮ ಆಫೀಸಿನಲ್ಲೂ ತೋರಿಸಲು ಬರುತ್ತದೆ ಅಂತ ಪತ್ರ ಬರೆಯುತ್ತಿದ್ದೇನೆ.

ಮೊದಲು ನಿಮಗೆ ಥ್ಯಾಂಕ್ಸ್ ಹೇಳಬೇಕು. ಪೀಣ್ಯದಿಂದ ಇಲ್ಲಿಗೆ ಸುಮಾರು 100 ಕಿಲೋಮೀಟರ್. ನೀವು ಮೂರು ಸಲ ಬಂದಿರಿ. ಎರಡನೇ ಸಲ ಬಂದಾಗ ನಮ್ಮ ಹಳೇ ಬ್ಯಾಂಡ್ ಸೀಲರ್‌ನ ಬೆಲ್ಟ್ ಹರಿದು ಮೂಲೆಯಲ್ಲಿ ಬಿದ್ದಿತ್ತು. ಅದು ನೀವು ಮಾರಿದ ಯಂತ್ರವೂ ಅಲ್ಲ. ಕಾರಿನಲ್ಲಿದ್ದ ಟೆಫ್ಲಾನ್ ಬೆಲ್ಟ್ ತಂದು ಹಾಕಿ, ದುಡ್ಡು ಕೊಡಲು ಹೋದರೆ ಬೇಡ ಅಂದಿರಿ. ಆ ಬೆಲ್ಟ್‌ನಲ್ಲೇ ಈಗಲೂ ದಿನಾ ಕೆಲಸ ನಡೆಯುತ್ತಿದೆ. ನಮ್ಮ ಹೆಂಗಸರು ಇದನ್ನು ಮರೆತಿಲ್ಲ. ಮೀಟಿಂಗ್‌ನಲ್ಲೂ ಮೊದಲು ಬಂದಿದ್ದು ಇದೇ ಮಾತು.

ಇನ್ನೊಂದು ವಿಷಯವೂ ಇದೆ. ನಮ್ಮಿಂದ 10 ಕೆ.ಜಿ. ಪುಡಿ ಬೆಲ್ಲ ತೆಗೆದುಕೊಂಡು ಹೋಗಿ ಯಂತ್ರದಲ್ಲಿ ಹಾಕಿ ನೋಡಿದಿರಿ. ಸ್ವಲ್ಪ ಹೊತ್ತು ಚೆನ್ನಾಗಿ ನಡೆದು, ಆಮೇಲೆ ಪುಡಿ ತಳ್ಳುವ ಸ್ಕ್ರೂಗೆ ಬೆಲ್ಲ ಅಂಟಿಕೊಂಡಿತು, ಅರ್ಧ ಕೆ.ಜಿ. ಪ್ಯಾಕೆಟ್ 478 ಗ್ರಾಂವರೆಗೂ ಇಳಿಯಿತು ಅಂತ ನೀವೇ ಬಾಯಿಬಿಟ್ಟು ಹೇಳಿದಿರಿ. ಅದನ್ನು ಮುಚ್ಚಿಟ್ಟು ಸಕ್ಕರೆ ಪುಡಿ ಓಡುವ ವಿಡಿಯೋ ಕಳಿಸಿದ್ದರೆ ನಮಗೆ ಎಲ್ಲಿ ಗೊತ್ತಾಗುತ್ತಿತ್ತು? ನಿಮ್ಮ ಜೊತೆ ಮುಂದೆಯೂ ಮಾತು ಇಟ್ಟುಕೊಳ್ಳಬೇಕು ಅಂತ ನಾನು ಸಂಘದಲ್ಲಿ ಗಟ್ಟಿಯಾಗಿ ಹೇಳಿದ್ದು ಇದೇ ಕಾರಣಕ್ಕೆ.

ಇನ್ನು ಯಾಕೆ ಬೇಡ ಅನ್ನುವುದಕ್ಕೆ ಬರುತ್ತೇನೆ.

ದೊಡ್ಡ ಕಾರಣ ಅಳತೆಯದು. ನಿಮ್ಮ ಯಂತ್ರ ನಿಮಿಷಕ್ಕೆ 25 ಪ್ಯಾಕೆಟ್ ತುಂಬುತ್ತದೆ. ಅರ್ಧ ಕೆ.ಜಿ. ಲೆಕ್ಕದಲ್ಲಿ ಗಂಟೆಗೆ 750 ಕೆ.ಜಿ. ಆಯಿತು. ನಾವು ದಿನಕ್ಕೆ ಅರೆಯುವುದು ಐದು ಟನ್ ಕಬ್ಬು. ಬೆಲ್ಲ ಇಳಿಯುವುದು 500 ಕೆ.ಜಿ. ಆಸುಪಾಸು. ಅದರಲ್ಲಿ ಜಾಸ್ತಿ ಪಾಲು ಅಚ್ಚು ಬೆಲ್ಲ, ಬಕೆಟ್ ಬೆಲ್ಲ ಆಗಿ ಮಂಡ್ಯದ ಮಾರುಕಟ್ಟೆಗೆ ಹೋಗುತ್ತದೆ. ಪುಡಿ ಮಾಡುವುದು 180 ಕೆ.ಜಿ. ಮಾತ್ರ. ಅಂದರೆ ನಿಮ್ಮ ಯಂತ್ರ ನಮ್ಮ ಒಂದು ದಿನದ ಕೆಲಸವನ್ನು ಕಾಲು ಗಂಟೆಯಲ್ಲಿ ಮುಗಿಸುತ್ತದೆ. ಉಳಿದ ಹೊತ್ತೆಲ್ಲ ಸುಮ್ನೆ ನಿಂತಿರುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಎರಡನೆಯದು ಅಂಟು. ಇದರಲ್ಲಿ ನಿಮ್ಮ ಯಂತ್ರದ ತಪ್ಪೇನೂ ಇಲ್ಲ. ಬೆಲ್ಲದ ಬಣ್ಣ ತಿಳಿಯಾಗಲು ಹಾಕುವ ಹೈಡ್ರೋಸ್ ನಾವು ಬಳಸುವುದಿಲ್ಲ. ಬೆಂಡೆ ಗಿಡದ ಲೋಳೆ, ಸ್ವಲ್ಪ ಸುಣ್ಣ, ಅಷ್ಟೇ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುವ ಪದಾರ್ಥ. ಅದರಲ್ಲೂ ಕಡಿದ ಕಬ್ಬು ಎರಡು ದಿನ ಬಿದ್ದಿದ್ದು ಆಮೇಲೆ ಗಾಣಕ್ಕೆ ಬಂದರೆ ಬೆಲ್ಲ ಇನ್ನೂ ಅಂಟಂಟಾಗುತ್ತದೆ. ಕಡಿಯುವ ಆಳು ಸಿಗದ ದಿನ ಹಾಗೆ ಆಗಿಯೇ ಆಗುತ್ತದೆ. ಒಂದೊಂದು ಕೊಪ್ಪರಿಗೆಯ ಪುಡಿ ಒಂದೊಂದು ಥರ. ಕೈಯಲ್ಲಿ ತುಂಬುವಾಗ ನಮ್ಮವರಿಗೆ ಅದು ಬೆರಳಿಗೇ ಗೊತ್ತಾಗುತ್ತದೆ. ಗಂಟು ಕಂಡರೆ ಮತ್ತೆ ಜರಡಿಗೆ ಹಾಕುತ್ತಾರೆ, ಹಸಿ ಅನಿಸಿದರೆ ಮತ್ತೆ ಒಣಗಿಸುತ್ತಾರೆ. ಯಂತ್ರಕ್ಕೆ ಅದು ಹೇಗೆ ತಿಳಿಯಬೇಕು? ಪ್ಯಾಕೆಟ್ ಮೇಲೆ 500 ಗ್ರಾಂ ಅಂತ ಅಚ್ಚು ಹಾಕಿ ಒಳಗೆ 478 ಕೊಟ್ಟರೆ ಅದು ಕೊಂಡವರಿಗೆ ಮಾಡುವ ಮೋಸ. ತೂಕ ಅಳತೆ ಇಲಾಖೆಯವರು ಕೇಳುವುದು ಆಮೇಲಿನ ಮಾತು.

ಇದಕ್ಕೆ ನೀವು ಹಾಪರ್‌ಗೆ ತೇವ ತೆಗೆಯುವ ವ್ಯವಸ್ಥೆ ಸೇರಿಸುತ್ತೇನೆ ಅಂದಿರಿ. ಯಂತ್ರ 6,85,000, ಅದಕ್ಕೆ 1,10,000 ಸೇರಿ 7,95,000 ರೂಪಾಯಿ. 18 ಪರ್ಸೆಂಟ್ ಜಿಎಸ್‌ಟಿ 1,43,100. ಒಟ್ಟು 9,38,100. ಕಂಪ್ರೆಸರ್ ಬೇರೆ. ಯಂತ್ರಕ್ಕೆ ತ್ರೀ ಫೇಸ್ ಕರೆಂಟ್ ಬೇಕು, ಅದು ಇರುವಷ್ಟು ಹೊತ್ತೂ ನಮಗೆ ಗಾಣ ಆಡಿಸುವುದಕ್ಕೇ ಬೇಕು.

ಸಣ್ಣ ಆಹಾರ ಘಟಕಗಳಿಗೆ ಇರುವ ಪಿಎಂಎಫ್‌ಎಂಇ ಯೋಜನೆಯ 35 ಪರ್ಸೆಂಟ್ ಸಹಾಯಧನದ ಬಗ್ಗೆ ನೀವು ಹೇಳಿದ್ದನ್ನೂ ವಿಚಾರಿಸಿದೆವು. ಮಂಡ್ಯ ಜಿಲ್ಲೆಗೆ ಬೆಲ್ಲವನ್ನೇ ಗುರುತಿಸಿರುವುದರಿಂದ ನಮಗೆ ಅನುಕೂಲ ಇದೆ, ನಿಜ. ಆದರೆ ಆ ದುಡ್ಡು ಕೈಗೆ ಬರುವುದಿಲ್ಲ. ಸಾಲದ ಖಾತೆಯಲ್ಲೇ ಇದ್ದು, ಮೂರು ವರ್ಷ ಕಂತು ಸರಿಯಾಗಿ ಕಟ್ಟಿ ಕೆಲಸ ನಡೆಸಿಕೊಂಡು ಬಂದರೆ ಆಮೇಲೆ ಸಾಲಕ್ಕೆ ಹೊಂದಿಕೆ ಆಗುತ್ತದೆ. ದಿನಕ್ಕೆ ಕಾಲು ಗಂಟೆ ದುಡಿಯುವ ಯಂತ್ರವನ್ನು ನಂಬಿ ಮೂರು ವರ್ಷದ ಮಾತು ಕೊಡಲು ನಮಗೆ ಧೈರ್ಯ ಬರಲಿಲ್ಲ. ಸಂಘದ ಹೆಸರಿನಲ್ಲಿ ಒಂದು ಕಂತು ತಪ್ಪಿದರೂ ಹದಿನೈದು ಮನೆಗೆ ಮುಂದೆ ಸಾಲ ಹುಟ್ಟುವುದು ಕಷ್ಟ.

ಒಂದು ಮಾತು ಕೊಟೇಶನ್‌ನಲ್ಲಿ ಎಲ್ಲೂ ಬರುವಂಥದ್ದಲ್ಲ. ಆದರೂ ಹೇಳುತ್ತೇನೆ. ಮಧ್ಯಾಹ್ನ ನಾಲ್ಕು ಜನ ಹೆಂಗಸರು ಮೂರು ಗಂಟೆ ಕಾಲ ಕೂತು 360 ಪ್ಯಾಕೆಟ್ ತುಂಬುತ್ತಾರೆ. ಸರದಿ ಮೇಲೆ ಎಲ್ಲರಿಗೂ ಆ ಕೂಲಿ ಸಿಗುತ್ತದೆ. ಮಕ್ಕಳು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಯಲ್ಲಿರುತ್ತಾರೆ. ಸದ್ಯಕ್ಕೆ ಆ ಕೂಲಿಯನ್ನು ಯಂತ್ರಕ್ಕೆ ಕೊಟ್ಟುಬಿಡಲು ನನಗಂತೂ ಮನಸ್ಸು ಬರಲಿಲ್ಲ. ಮೂವರು ಸದಸ್ಯರು ಯಂತ್ರ ಬೇಕು ಅಂತಲೇ ಹೇಳಿದರು. ಅವರ ಮಾತಿನಲ್ಲೂ ಅರ್ಥ ಇತ್ತು, ದೊಡ್ಡ ಅಂಗಡಿಯವರು ಒಂದೇ ಸಲ ಸಾವಿರ ಪ್ಯಾಕೆಟ್ ಕೇಳಿದರೆ ಏನು ಮಾಡುತ್ತೀರಿ ಅಂದರು. ಅಂಥ ಆರ್ಡರ್ ಇನ್ನೂ ಬಂದಿಲ್ಲ. ಬಂದ ದಿನ ನೋಡೋಣ ಅಂತ ಆಯಿತು.

ಈ ಸೀಸನ್‌ಗೆ ಮೈಸೂರಿನ ಒಬ್ಬ ಡೀಲರ್ ಹತ್ತಿರ ಇನ್ನೊಂದು ಬ್ಯಾಂಡ್ ಸೀಲರ್, ಎರಡು ಡಿಜಿಟಲ್ ತಕ್ಕಡಿ ತೆಗೆದುಕೊಳ್ಳುತ್ತಿದ್ದೇವೆ. ಇದು ಬೇರೆ ಯಾರಿಂದಲೋ ತಿಳಿಯುವುದಕ್ಕಿಂತ ನಾವೇ ಹೇಳುವುದು ಸರಿ. ಅವರ ದರ ನಿಮಗೆ ಹೇಳುವುದಿಲ್ಲ. ನಿಮ್ಮ ದರವನ್ನೂ ಅವರಿಗೆ ಹೇಳಿಲ್ಲ. ನಿಮ್ಮ ಕೊಟೇಶನ್, ಯಂತ್ರದ ನಕ್ಷೆ ಎರಡೂ ಸಂಘದ ಪೆಟ್ಟಿಗೆಯಲ್ಲಿವೆ. ವಾಪಸ್ ಬೇಕಿದ್ದರೆ ಹೇಳಿ, ಕೊರಿಯರ್ ಮಾಡುತ್ತೇನೆ. ನೀವು ಬಿಟ್ಟುಹೋದ ಸ್ಯಾಂಪಲ್ ಪೌಚ್ ರೋಲ್ ಕೂಡ ಹಾಗೇ ಇದೆ.

ಒಂದು ಕೋರಿಕೆ. ಈ ತಿಂಗಳೊಳಗೆ ಆರ್ಡರ್ ಕೊಟ್ಟರೆ 40,000 ಬಿಡುತ್ತೇನೆ ಅಂದಿದ್ದಿರಿ. ಈ ಪತ್ರ ನೋಡಿ ಇನ್ನಷ್ಟು ಕಡಿಮೆ ಮಾಡಿಸಿಕೊಂಡು ಬರಬೇಡಿ. ಚೌಕಾಸಿಗಾಗಿ ಬೇಡ ಅನ್ನುತ್ತಿಲ್ಲ. ನಿಮ್ಮ ದರ ನ್ಯಾಯವಾಗಿಯೇ ಇದೆ. ಅರ್ಧ ಬೆಲೆಗೆ ಕೊಟ್ಟರೂ ಈ ವರ್ಷ ನಮಗೆ ಅದು ದೊಡ್ಡ ಯಂತ್ರವೇ.

ಮುಂದಿನ ಮಾತು. ಸುಮ್ನೆ ಸಮಾಧಾನಕ್ಕೆ "ನೋಡೋಣ, ಮಾಡೋಣ" ಅನ್ನುವುದು ನನಗೆ ಇಷ್ಟವಿಲ್ಲ. ಹಾಗಾಗಿ ಯಾವಾಗ, ಏನು ಅಂತ ಬರೆಯುತ್ತೇನೆ.

ಯುಗಾದಿ ಕಳೆದ ಮೇಲೆ ಈ ಸೀಸನ್ನಿನ ಲೆಕ್ಕ ಮುಗಿಸುತ್ತೇವೆ. ಪುಡಿ ಬೆಲ್ಲ ದಿನಕ್ಕೆ 400 ಕೆ.ಜಿ. ದಾಟಿದ್ದರೆ ಕೈಯಲ್ಲಿ ತುಂಬುವುದು ಕಷ್ಟ. ಆಗ ಒಂದೇ ತಲೆಯ ಸಣ್ಣ ಫಿಲ್ಲರ್ ಬೇಕಾಗುತ್ತದೆ. ಚೀಲ ಹಿಡಿಯುವುದು, ಸೀಲ್ ಮಾಡುವುದು ನಮ್ಮವರೇ, ತೂಕ ಹಾಕಿ ಸುರಿಯುವುದು ಮಾತ್ರ ಯಂತ್ರ. ಅಂಥದ್ದು ನಿಮ್ಮಲ್ಲಿ ಇದ್ದರೆ, ಸಿಂಗಲ್ ಫೇಸ್‌ನಲ್ಲಿ ನಡೆಯುವುದಾದರೆ, ವಿವರ ಈಗಲೇ ಕಳಿಸಿಟ್ಟಿರಿ. ಲೆಕ್ಕ ಹೇಗೇ ಬಂದರೂ ಮೇ ತಿಂಗಳೊಳಗೆ ನಾನೇ ಫೋನ್ ಮಾಡಿ ಹೂಂ ಅಥವಾ ಇಲ್ಲ ಅಂತ ಹೇಳುತ್ತೇನೆ.

ಅದನ್ನು ಪರೀಕ್ಷೆ ಮಾಡುವುದು ಮಾತ್ರ ಆಷಾಢದಲ್ಲಿ. ಬೇಸಿಗೆಯ ಪುಡಿ ಯಾವ ಯಂತ್ರದಲ್ಲಾದರೂ ಹರಿಯುತ್ತದೆ. ಮಳೆಗಾಳಿ ಹಿಡಿದಾಗ 25 ಕೆ.ಜಿ. ಪುಡಿ ನಾವು ಕೊಡುತ್ತೇವೆ, ಅದರ ದುಡ್ಡು ಬೇಡ. ಆ ತೇವದಲ್ಲೂ ಒಂದು ಗಂಟೆ ತೂಕ ತಪ್ಪದೆ ನಡೆದರೆ ನಮಗೆ ಅಷ್ಟೇ ಸಾಕು. ಬೇರೆ ಆಲೆಮನೆಯವರಿಗೆ ತೋರಿಸಲು ನಿಮಗೂ ಅದು ಒಳ್ಳೆಯದೇ ಅಲ್ವಾ? ನಮ್ಮ ಆಲೆಮನೆಯಲ್ಲೇ ಮಾಡುವುದಾದರೆ ಸುತ್ತಲಿನವರನ್ನು ನಾನೇ ಕರೆಯುತ್ತೇನೆ.

ಇನ್ನೊಂದು, ಟೀ ಅಂಗಡಿಗೆ ಕೊಡುವ ಸಣ್ಣ ಚೌಕದ ಬೆಲ್ಲ. ಹತ್ತು ಗ್ರಾಂ ತುಂಡನ್ನು ಒಂದೊಂದಾಗಿ ಸುತ್ತುವ ಯಂತ್ರದ ಬಗ್ಗೆ ನೀವು ಹೇಳಿದ್ದಿರಿ. ಅಚ್ಚು ಮಾಡಿಸಲು ಕೊಟ್ಟಿದ್ದೇವೆ. ಅದು ಕೈಹಿಡಿದರೆ ಮೊದಲ ಕೊಟೇಶನ್ ನಿಮ್ಮಿಂದಲೇ ಕೇಳುತ್ತೇವೆ. ಮೊದಲು ಕೇಳುತ್ತೇವೆ ಅನ್ನುವುದಷ್ಟೇ ನನ್ನ ಮಾತು. ಬೇರೆಯವರ ದರವನ್ನೂ ನೋಡುತ್ತೇವೆ. ಸಂಘದ ದುಡ್ಡು, ನೋಡಲೇಬೇಕು.

ಮದ್ದೂರು ಕಡೆಯ ಒಂದು ಆಲೆಮನೆಯವರು ದಿನಕ್ಕೆ ನಮಗಿಂತ ಮೂರು ಪಟ್ಟು ಪುಡಿ ಮಾಡುತ್ತಾರೆ. ಅವರಿಗೆ ನಿಮ್ಮ ದೊಡ್ಡ ಯಂತ್ರ ಹೊಂದಬಹುದು ಅಂತ ನನಗೆ ಅನಿಸಿತು. ನೀವು ಒಪ್ಪಿದರೆ ನಿಮ್ಮ ನಂಬರ್ ಕೊಡುತ್ತೇನೆ. ಪರೀಕ್ಷೆಯಲ್ಲಿ ಆಗಿದ್ದನ್ನು ನಮಗೆ ಹೇಳಿದಂತೆ ಅವರಿಗೂ ಹೇಳಿ.

ಈ ದಾರಿಯಲ್ಲಿ ಬಂದಾಗ ಆರ್ಡರ್ ಇಲ್ಲ ಅಂತ ಹಾಗೇ ಹೋಗಿಬಿಡಬೇಡಿ. ಹೊಸ ಬೆಲ್ಲ ಇಳಿಯುವ ಹೊತ್ತು ಇದು. ಕಳೆದ ಸಲ ನಿಮ್ಮ ಮನೆಯವರು ಕಾಕಂಬಿ ಕೇಳಿದ್ದರು ಅಂದಿರಲ್ಲ, ಒಂದು ಡಬ್ಬ ತೆಗೆದಿಟ್ಟಿದ್ದೇನೆ.

ವಿಶ್ವಾಸದಿಂದ,
ಗೌರಮ್ಮ
ಕಾರ್ಯದರ್ಶಿ, ಮಹಿಳಾ ಸ್ವಸಹಾಯ ಸಂಘದ ಆಲೆಮನೆ
ಮಂಡ್ಯ ತಾಲ್ಲೂಕು